ಬ್ರಾಕೆಟ್ ಮೊತ್ತ ಮೈನಸ್ ಆಗುವಾಗ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ ಸರ್. ಗಂಜಿನ ಒಂದು ಅಡತಿ ಅಂಗಡಿಯವರು ತಮ್ಮ ಕಂಪ್ಯೂಟರಿನಿಂದ ನಮ್ಮ ಖಾತೆಯ ಉತಾರ ಕಳಿಸುತ್ತಾರೆ. ಅದನ್ನು ಎಕ್ಸೆಲ್‌ನಲ್ಲಿ ತೆರೆದರೆ ಕೆಲವು ಬ್ರಾಕೆಟ್ ಮೊತ್ತಗಳು ತಾವೇ ಮೈನಸ್ ಆಗುತ್ತವೆ, ಕೆಲವು ಹಾಗೇ ಉಳಿಯುತ್ತವೆ. ಪೈಸೆಯೂ ಒಂದೊಂದು ಕಡೆ ಒಂದೊಂದು ಥರ. ಒಂದು ತುಣುಕು ಕೆಳಗಿದೆ, ಎಡಗಡೆ ಇರುವುದು ಹಾಳೆಯ ಸಾಲಿನ ಸಂಖ್ಯೆ. ಅವರ ಕಾಗದದಲ್ಲಿ ಬಾಕಿ 90,024.75, ನನ್ನ ಹಾಳೆಯಲ್ಲಿ SUM ತೋರಿಸುವುದು 1,79,365.50. ಗೆಳೆಯನೊಬ್ಬ ಕೊಟ್ಟ ಸೂತ್ರ ಹಾಕಿ, ಎರರ್ ಬಂದ ಸಾಲನ್ನು ಕೈಯಿಂದ ಸರಿ ಮಾಡಿದರೆ 1,14,024.75 ಬರುತ್ತದೆ. ಇದನ್ನು ಬೇರೆ ಸಾಫ್ಟ್‌ವೇರ್‌ಗೆ ಮೈನಸ್ ಗುರುತು, ಎರಡು ದಶಮಾಂಶ ಸ್ಥಾನದೊಂದಿಗೆ ಕೊಡಬೇಕು. ಇಂಥ ಸಾಲು ಸುಮಾರು ಆರುನೂರಿವೆ. ಕೈಯಿಂದ ತಿದ್ದದೆ ಹೇಗೆ ಮಾಡಲಿ?

```
2   1,84,500.00
3   (1,50,000.00)
4   96,250.5
5   (2,340.75) 
6   (-)12,000.00
7   -
8   (75,000
9   48,615
```

ಉತ್ತರ: ಮೊದಲು ಆ 1,79,365.50 ಎಲ್ಲಿಂದ ಬಂತು ನೋಡೋಣ. ಅದು ಗೊತ್ತಾದರೆ ಉಳಿದದ್ದು ಸುಲಭ. ನಿಮ್ಮ ಮೊತ್ತಕ್ಕೂ ಕಾಗದದ ಬಾಕಿಗೂ ಇರುವ ಅಂತರ 89,340.75. ಈಗ 5, 6 ಮತ್ತು 8ನೇ ಸಾಲಿನ ಅಂಕಿಗಳನ್ನು ಕೂಡಿಸಿ: 2,340.75, 12,000, 75,000. ಸರಿಯಾಗಿ 89,340.75. ಅಂದರೆ ಎಕ್ಸೆಲ್ ಆ ಮೂರು ಸಾಲುಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅವು ಅದರ ಪಾಲಿಗೆ ಸಂಖ್ಯೆಗಳಲ್ಲ, ಬರೀ ಅಕ್ಷರಗಳು. SUM ಗುಣವೇ ಅದು: ಕೊಟ್ಟ ಸಾಲುಗಳಲ್ಲಿ ಪಠ್ಯ ಸಿಕ್ಕರೆ ಎರರ್ ಕೊಡುವುದಿಲ್ಲ, ಸದ್ದಿಲ್ಲದೆ ದಾಟಿಕೊಂಡು ಹೋಗುತ್ತದೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಸಂಗತಿ ಇದೇ.

3ನೇ ಸಾಲು ಮಾತ್ರ ತಾನೇ ಮೈನಸ್ ಆದದ್ದೇಕೆ? ಎಕ್ಸೆಲ್‌ಗೆ ಬ್ರಾಕೆಟ್ ಪದ್ಧತಿ ಗೊತ್ತು. ಸಾಮಾನ್ಯ ಸೆಲ್‌ನಲ್ಲಿ `(500)` ಎಂದು ಬರೆದು ಎಂಟರ್ ಒತ್ತಿದರೆ ಅದು -500 ಆಗುತ್ತದೆ. ಆದರೆ ಬರಹ ಚೊಕ್ಕವಾಗಿರಬೇಕು. 5ನೇ ಸಾಲಿನ ಬ್ರಾಕೆಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಅಂಟಿಕೊಂಡಿದೆ. ಅದು ಕೀಬೋರ್ಡಿನ ಸ್ಪೇಸ್ ಅಲ್ಲ. ವೆಬ್ ಪುಟ ಮತ್ತು ಪಿಡಿಎಫ್‌ನಿಂದ ಬಂದ ಅಂಕಿಗಳ ಜೊತೆ ಸಾಮಾನ್ಯವಾಗಿ ಬರುವ, 160 ಸಂಖ್ಯೆಯ ಅಕ್ಷರ. ಇದನ್ನು `TRIM` ತೆಗೆಯುವುದಿಲ್ಲ. ಅದಕ್ಕೇ "ಟ್ರಿಮ್ ಹಾಕಿದೆ, ಆದರೂ ಆಗಲಿಲ್ಲ" ಎನ್ನುವ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. 6ನೇ ಸಾಲಿನ ಬರವಣಿಗೆಯ ರೀತಿಯೇ ಬೇರೆ: ಕೆಲವು ಲೆಕ್ಕದ ಸಾಫ್ಟ್‌ವೇರ್‌ಗಳು ಋಣ ಮೊತ್ತವನ್ನು ಬ್ರಾಕೆಟ್‌ನಲ್ಲಿ ಸುತ್ತದೆ, ಮುಂದೆ `(-)` ಎಂದು ಗುರುತು ಹಾಕುತ್ತವೆ. 8ನೇ ಸಾಲಿನಲ್ಲಿ ಮುಚ್ಚುವ ಬ್ರಾಕೆಟ್ ಕಳೆದುಹೋಗಿದೆ. ಕಾಲಂ ಅಗಲ ಸಾಲದೆ ಕೊನೆಯ ಅಕ್ಷರ ಕತ್ತರಿಸಿ ಹೋದಾಗ ಹೀಗಾಗುತ್ತದೆ. ಅಲ್ಲಿ ಕೊನೆಯ `.00` ಕೂಡ ಇಲ್ಲದಿರುವುದು ಅದನ್ನೇ ಸೂಚಿಸುತ್ತದೆ.

ಅಂಕಿ ಬಲಕ್ಕೆ ಒತ್ತಿಕೊಂಡಿದ್ದರೆ ಅದು ಸಂಖ್ಯೆ, ಎಡಕ್ಕಿದ್ದರೆ ಪಠ್ಯ ಎಂಬ ಮಾತನ್ನು ಬಹಳ ಮಂದಿ ನಂಬುತ್ತಾರೆ. ಯಾರೂ ಮುಟ್ಟದ ಹೊಸ ಹಾಳೆಯಲ್ಲಿ ಅದು ನಿಜ. ಆದರೆ ಬೇರೆ ಕಡೆಯಿಂದ ಬಂದ ಫೈಲು ತನ್ನದೇ ಜೋಡಣೆಯನ್ನು ಹೊತ್ತು ತರುತ್ತದೆ. ಪಠ್ಯವೂ ಬಲಕ್ಕೆ ಕೂರಬಹುದು. ಹಾಗೆಯೇ ತೆರೆಯ ಮೇಲೆ `(1,250.00)` ಎಂದು ಕಾಣುವ ಸೆಲ್‌ನಲ್ಲಿ ಒಳಗೆ -1250 ಎಂಬ ನಿಜವಾದ ಸಂಖ್ಯೆಯೇ ಇರಬಹುದು, ಬ್ರಾಕೆಟ್ ಬರೀ ಉಡುಪು ಆಗಿರಬಹುದು. ಕಣ್ಣಿನಿಂದ ಇದು ತಿಳಿಯದು. ಮೊತ್ತಗಳು C ಕಾಲಂನಲ್ಲಿವೆ ಎಂದುಕೊಂಡು `=ISNUMBER(C5)` ಎಂದು ಪಕ್ಕದಲ್ಲಿ ಬರೆಯಿರಿ. `TRUE` ಬಂದರೆ ಸಂಖ್ಯೆ, `FALSE` ಬಂದರೆ ಪಠ್ಯ.

ಇನ್ನು ಗೆಳೆಯರ ಸೂತ್ರ. ಅದರ ಉತ್ತರ 1,14,024.75, ಕಾಗದದ ಬಾಕಿಗಿಂತ 24,000 ಹೆಚ್ಚು. ಅದರ ಅರ್ಧ 12,000, ಅಂದರೆ 6ನೇ ಸಾಲು. ಲೆಕ್ಕ ಬರೆಯುವವರಿಗೆ ಈ ಹಳೆಯ ಪರೀಕ್ಷೆ ಗೊತ್ತೇ ಇರುತ್ತದೆ: ಅಂತರವು ಒಂದು ಮೊತ್ತಕ್ಕೆ ಸಮವಾಗಿದ್ದರೆ ಆ ಸಾಲು ಬಿಟ್ಟುಹೋಗಿದೆ, ಮೊತ್ತದ ದುಪ್ಪಟ್ಟಾಗಿದ್ದರೆ ಆ ಸಾಲು ಜಮಾದ ಬದಲು ನಾವೆಯಲ್ಲಿ ಕೂತಿದೆ. ಇಲ್ಲಿ ನಡೆದದ್ದು ಎರಡನೆಯದು. ಸೂತ್ರವು ಬ್ರಾಕೆಟ್ ಕಂಡ ಕೂಡಲೇ ಎರಡೂ ಬ್ರಾಕೆಟ್ ಕಿತ್ತು, ಉಳಿದದ್ದನ್ನು -1ರಿಂದ ಗುಣಿಸುತ್ತಿದೆ. `(-)12,000.00` ನಲ್ಲಿ ಬ್ರಾಕೆಟ್ ಕಿತ್ತರೆ ಉಳಿಯುವುದು -12000. ಅದನ್ನು ಮತ್ತೆ -1ರಿಂದ ಗುಣಿಸಿದರೆ ಪ್ಲಸ್ 12000.

ಇದೇ ಕಾರಣಕ್ಕೆ ಎಲ್ಲರೂ ಮೊದಲು ಹೇಳುವ ಉಪಾಯವನ್ನೂ, ಅಂದರೆ `Find & Replace` ಬಳಸಿ `(` ಜಾಗಕ್ಕೆ `-` ಹಾಕಿ `)` ಅಳಿಸುವುದನ್ನು, ನಾನು ನಿಮ್ಮ ಫೈಲಿಗೆ ಹೇಳುವುದಿಲ್ಲ. ಐವತ್ತು ಸಾಲಿನ, ಒಂದೇ ರೀತಿಯ ಬ್ರಾಕೆಟ್ ಇರುವ ಪಟ್ಟಿಗೆ ಅದು ಸಾಕು, ಬೇಗವೂ ಆಗುತ್ತದೆ. ನಿಮ್ಮಲ್ಲಿ 6ನೇ ಸಾಲಿಗೆ ಎರಡು ಮೈನಸ್ ಬರುತ್ತವೆ. 8ನೇ ಸಾಲು ಯಾರೂ ಪರಿಶೀಲಿಸದೆಯೇ -75,000 ಆಗಿಬಿಡುತ್ತದೆ. ಅದು -75,000 ಆಗಿರಬಹುದು, ಆದರೆ ಬಾಲ ಕತ್ತರಿಸಿದ ಅಂಕಿಯಲ್ಲಿ ಪೈಸೆ ಇತ್ತೋ ಇಲ್ಲವೋ ಯಾರಿಗೆ ಗೊತ್ತು? ಕಾಲಂ ಆಯ್ಕೆ ಮಾಡದೆ ಇಡೀ ಹಾಳೆಗೆ ಹಾಕಿದರೆ ವಿವರದ ಕಾಲಂನಲ್ಲಿರುವ "ತೊಗರಿ (ಬಿಳಿ) 40 ಚೀಲ" ಕೂಡ ಕೆಡುತ್ತದೆ. ಮೂಲ ಬರಹವೇ ಅಳಿದುಹೋಗುವುದರಿಂದ ಆಮೇಲೆ ಯಾವ ಸಾಲು ಹೇಗಿತ್ತು ಎಂದು ಹಿಂತಿರುಗಿ ನೋಡಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಮೂಲ ಕಾಲಂ ಮುಟ್ಟದೆ, ಪಕ್ಕದ ಎರಡು ಕಾಲಂಗಳಲ್ಲಿ ಕೆಲಸ ಮಾಡಿ.

ಅದಕ್ಕೂ ಮೊದಲು ಫೈಲನ್ನು ಪಠ್ಯವಾಗಿಯೇ ಒಳಗೆ ತರಬೇಕು. ಎಕ್ಸೆಲ್ ಅರ್ಧ ತಿದ್ದಿ ಅರ್ಧ ಬಿಟ್ಟರೆ ಯಾವುದು ಅದರ ಕೈಚಳಕ, ಯಾವುದು ಮೂಲ ಎಂದು ಎಣಿಸಲಾಗದು. ಸಿಎಸ್‌ವಿ ಫೈಲನ್ನು ಎರಡು ಬಾರಿ ಕ್ಲಿಕ್ ಮಾಡಿ ತೆರೆಯಬೇಡಿ. ಖಾಲಿ ಹಾಳೆ ತೆರೆದು `Data` ಟ್ಯಾಬ್‌ನಲ್ಲಿ `From Text/CSV` ಆರಿಸಿ, ಬರುವ ಕಿಟಕಿಯಲ್ಲಿ `Data Type Detection` ಎಂಬಲ್ಲಿ `Do not detect data types` ಕೊಡಿ. ಲಿಬ್ರೆ ಆಫೀಸ್ ಬಳಸುವವರಾದರೆ ಫೈಲು ತೆರೆಯುವಾಗ ಬರುವ ಕಿಟಕಿಯಲ್ಲಿ ಮೊತ್ತದ ಕಾಲಂ ಮೇಲೆ ಕ್ಲಿಕ್ ಮಾಡಿ `Text` ಎಂದು ಆರಿಸಿದರೆ ಆಯಿತು. ಈಗ ಎಂಟೂ ಸಾಲು ಬಂದ ಹಾಗೇ C ಕಾಲಂನಲ್ಲಿ ಇರುತ್ತವೆ.

D2ನಲ್ಲಿ ಕಸ ತೆಗೆಯುವ ಸೂತ್ರ:

```
=SUBSTITUTE(SUBSTITUTE(SUBSTITUTE(SUBSTITUTE(SUBSTITUTE(C2,UNICHAR(160),"")," ",""),",",""),"₹",""),"(-)","-")
```

ಇದು ಒಳಗಿನಿಂದ ಹೊರಗೆ ಕೆಲಸ ಮಾಡುತ್ತದೆ: ಕಾಣದ ಖಾಲಿ ಜಾಗ, ಸಾಮಾನ್ಯ ಸ್ಪೇಸ್, ಅಲ್ಪವಿರಾಮ, ರೂಪಾಯಿ ಗುರುತು ಇವನ್ನು ತೆಗೆದು, ಕೊನೆಗೆ `(-)` ಅನ್ನು ಒಂದೇ ಮೈನಸ್ ಮಾಡುತ್ತದೆ. ಕೊನೆಯ ಹೆಜ್ಜೆ ಇಲ್ಲೇ, ಬ್ರಾಕೆಟ್ ನೋಡುವ ಮೊದಲೇ ಆಗಬೇಕು. ಗೆಳೆಯರ ಸೂತ್ರ ಎಡವಿದ್ದು ಈ ಅನುಕ್ರಮದಲ್ಲಿ. `UNICHAR` ಎಕ್ಸೆಲ್ 2013ರಿಂದ ಈಚೆಗೆ ಇದೆ. ಅದಕ್ಕಿಂತ ಹಳೆಯದಾದರೆ ವಿಂಡೋಸ್‌ನಲ್ಲಿ `CHAR(160)` ಅದೇ ಕೆಲಸ ಮಾಡುತ್ತದೆ. ಅಲ್ಪವಿರಾಮ ತೆಗೆಯುವುದರಿಂದ ನಮ್ಮ ಲಕ್ಷದ ಪದ್ಧತಿಯ 1,84,500 ಇದ್ದರೂ, ಮಿಲಿಯನ್ ಪದ್ಧತಿಯ 184,500 ಇದ್ದರೂ ಒಂದೇ ಆಗುತ್ತದೆ.

E2ನಲ್ಲಿ ಗುರುತು ಮತ್ತು ಪೈಸೆ:

```
=IF(D2="","",IF(D2="-",0,ROUND(IF(AND(LEFT(D2,1)="(",RIGHT(D2,1)=")"),-ABS(VALUE(MID(D2,2,LEN(D2)-2))),VALUE(D2)),2)))
```

ಖಾಲಿ ಇದ್ದರೆ ಖಾಲಿಯೇ ಬಿಡು. ಬರೀ ಗೆರೆ ಇದ್ದರೆ ಸೊನ್ನೆ. ಎಡ, ಬಲ ಎರಡೂ ಬ್ರಾಕೆಟ್ ಇದ್ದರೆ ಮಾತ್ರ ಒಳಗಿನದನ್ನು ತೆಗೆದು ಮೈನಸ್ ಮಾಡು. ಇಲ್ಲವಾದರೆ ಇದ್ದ ಹಾಗೇ ಸಂಖ್ಯೆಯಾಗಿ ಓದು. ಕೊನೆಗೆ ಎರಡು ದಶಮಾಂಶಕ್ಕೆ ಸರಿಮಾಡು. `ABS` ಹಾಕಿರುವುದು `(-12,000)` ಎಂದು ಎರಡು ಗುರುತನ್ನೂ ಒಟ್ಟಿಗೆ ಹಾಕುವವರಿಗಾಗಿ. ಬ್ರಾಕೆಟ್ ಮತ್ತು ಮೈನಸ್ ಅಲ್ಲಿ ಒಂದೇ ಮಾತನ್ನು ಎರಡು ಸಲ ಹೇಳುತ್ತಿರುತ್ತವೆ.

ಎರಡೂ ಸೂತ್ರಗಳನ್ನು 9ನೇ ಸಾಲಿನವರೆಗೆ ಎಳೆಯಿರಿ. E ಕಾಲಂನಲ್ಲಿ 184500, -150000, 96250.5, -2340.75, -12000, 0 ಬರುತ್ತವೆ. 8ನೇ ಸಾಲಿನಲ್ಲಿ `#VALUE!` ಬರುತ್ತದೆ. 9ರಲ್ಲಿ 48615.

ಆ `#VALUE!` ಕಂಡು ಸೂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಬರಲೆಂದೇ ಹಾಗೆ ಬರೆದದ್ದು. ಅರ್ಧ ಬ್ರಾಕೆಟ್ ಇರುವ ಅಂಕಿಗೆ ಅರ್ಥ ಊಹಿಸುವ ಅಧಿಕಾರ ಸೂತ್ರಕ್ಕೆ ಇರಬಾರದು. ಈ ಎರರ್‌ನ ಇನ್ನೊಂದು ಉಪಕಾರ: ಪಠ್ಯವನ್ನು ದಾಟಿಹೋಗುವ SUM ಎರರ್ ಅನ್ನು ದಾಟುವುದಿಲ್ಲ. ಒಂದು ಸಾಲು ಕೆಟ್ಟರೂ ಕೆಳಗಿನ ಮೊತ್ತದ ಜಾಗದಲ್ಲೇ `#VALUE!` ನಿಲ್ಲುತ್ತದೆ, ನೀವು ನೋಡದೆ ಮುಂದೆ ಹೋಗಲಾರಿರಿ. ಇದನ್ನು ಸುಂದರವಾಗಿ ಕಾಣಿಸಲು `IFERROR` ಸುತ್ತಿ ಸೊನ್ನೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಒಂದು ಪದದಿಂದ 75,000 ರೂಪಾಯಿ ಮತ್ತೆ ಸದ್ದಿಲ್ಲದೆ ಕಾಣೆಯಾಗುತ್ತದೆ, ನೀವು ಹೊರಟ ಜಾಗಕ್ಕೇ ವಾಪಸ್ ಬರುತ್ತೀರಿ.

ಆರುನೂರು ಸಾಲಿನಲ್ಲಿ ಹೀಗೆ ಎರರ್ ಬಂದವನ್ನು ಫಿಲ್ಟರ್ ಹಾಕಿ ಹೊರತೆಗೆದು, ಒಂದೊಂದನ್ನು ಅಡತಿಯವರ ಕಾಗದದ ಜೊತೆ ನೋಡಿ, C ಕಾಲಂನಲ್ಲೇ ತಿದ್ದಿ. ತಿದ್ದಿದ ಸೆಲ್‌ಗೆ ಬಣ್ಣ ಹಚ್ಚಿಡಿ. 8ನೇ ಸಾಲು ಕಾಗದದಲ್ಲಿ (75,000.00) ಎಂದೇ ಇದ್ದರೆ, ಮುಂದೆ ಒಂದು `'` ಗುರುತು ಹಾಕಿ `'(75,000.00)` ಎಂದು ಬರೆಯಿರಿ. ಇಲ್ಲವಾದರೆ ಎಕ್ಸೆಲ್ ಅದನ್ನು ತಾನೇ ಮೈನಸ್ ಸಂಖ್ಯೆ ಮಾಡಿಬಿಡುತ್ತದೆ, ಕೆಳಗಿನ ಬ್ರಾಕೆಟ್ ಎಣಿಕೆಯಲ್ಲಿ ಆ ಸಾಲು ತಪ್ಪಿಹೋಗುತ್ತದೆ. ಆದರೆ ಇಂಥ ಹತ್ತಾರು ಸಾಲಿಗೆ ಎರರ್ ಬಂದಿದ್ದರೆ ಕೈಯಿಂದ ತಿದ್ದಲು ಹೋಗಬೇಡಿ, ಅಲ್ಲಿ ಇನ್ನೊಂದು ಬಗೆಯ ಗುರುತು ಅಡಗಿದೆ ಎಂದು ಅರ್ಥ. ಉದ್ದನೆಯ ಗೆರೆ `–` ಅಥವಾ ಗಣಿತದ `−` ಗುರುತು ಕೀಬೋರ್ಡಿನ ಮೈನಸ್‌ನಂತೆಯೇ ಕಾಣುತ್ತದೆ, ಸೂತ್ರಕ್ಕೆ ಅವು ಬೇರೆಯೇ ಅಕ್ಷರ. ಆ ಅಕ್ಷರವನ್ನು ಸೆಲ್‌ನಿಂದಲೇ ನಕಲು ಮಾಡಿ D ಸೂತ್ರಕ್ಕೆ ಇನ್ನೊಂದು `SUBSTITUTE` ಸೇರಿಸಿದರೆ ಎಲ್ಲ ಒಟ್ಟಿಗೆ ಸರಿಹೋಗುತ್ತವೆ.

ಈಗ ತಾಳೆ ನೋಡುವುದು. H1ನಲ್ಲಿ ಕಾಗದದ ಬಾಕಿ 90024.75 ಬರೆದು, ಈ ಮೂರನ್ನು ಹಾಕಿ. ಮೂರೂ ಸೊನ್ನೆ ತೋರಿಸಬೇಕು.

```
=COUNTA(C2:C9)-COUNT(E2:E9)
=COUNTIF(C2:C9,"*(*")-COUNTIF(E2:E9,"<0")
=ROUND(SUM(E2:E9)-H1,2)
```

ಮೊದಲನೆಯದು ಬಂದ ಸಾಲುಗಳೆಲ್ಲ ಸಂಖ್ಯೆಯಾದವೇ ಎನ್ನುತ್ತದೆ. ಎರಡನೆಯದು ಬ್ರಾಕೆಟ್ ಇದ್ದ ಸಾಲುಗಳು ಎಷ್ಟೋ ಅಷ್ಟೇ ಮೈನಸ್‌ಗಳಿವೆಯೇ ಎನ್ನುತ್ತದೆ. ನಿಮ್ಮ ತುಣುಕಿನಲ್ಲಿ ನಾಲ್ಕು ಬ್ರಾಕೆಟ್, ತಿದ್ದಿದ ಮೇಲೆ ನಾಲ್ಕು ಮೈನಸ್. ಫೈಲಿನಲ್ಲಿ `(0.00)` ಎಂಬ ಸಾಲುಗಳಿದ್ದರೆ, ಅಥವಾ ಬ್ರಾಕೆಟ್ ಇಲ್ಲದೆ ಬರೀ `-500` ಎಂದಿದ್ದರೆ ಇಲ್ಲಿ ಅಷ್ಟು ವ್ಯತ್ಯಾಸ ಬರುತ್ತದೆ, ಅದು ತಪ್ಪಲ್ಲ. ಆದರೆ ಅಷ್ಟೇ ಸಾಲುಗಳಿವೆಯೇ ಎಂದು ಎಣಿಸಿ. ಮೂರನೆಯದು ಬಾಕಿಯ ತಾಳೆ. ಉತಾರದಲ್ಲಿ ಆರಂಭದ ಬಾಕಿಯ ಸಾಲು ಇದ್ದರೆ ಅದೂ ಕಾಲಂನಲ್ಲಿರಬೇಕು, ಮಧ್ಯದ "ಪುಟದ ಮೊತ್ತ" ಸಾಲುಗಳು ಇರಬಾರದು.

ಬಾಕಿ ತಾಳೆಯಾದರೆ ಸಾಲದೆ, ಎಣಿಕೆ ಏಕೆ ಬೇಕು ಎಂದು ಕೇಳಬಹುದು. ಒಂದು 5,000 ಜಮಾ ತಪ್ಪಿ ಪ್ಲಸ್ ಆಗಿ, ಇನ್ನೊಂದು 5,000 ಖರೀದಿ ತಪ್ಪಿ ಮೈನಸ್ ಆದರೆ ಬಾಕಿ ಸರಿಯಾಗಿಯೇ ಬರುತ್ತದೆ. ಇಂಥ ಅದಲು ಬದಲಿನಲ್ಲಿ ಎರಡನೆಯ ಎಣಿಕೆಯೂ ಮೋಸಹೋಗಬಹುದು. ಮೈನಸ್ ಸಾಲುಗಳ ಮೊತ್ತವೂ ಆಗ ಬದಲಾಗುವುದಿಲ್ಲ. ಸಂಶಯವಿದ್ದರೆ ಮೈನಸ್ ಸಾಲುಗಳನ್ನು ಮಾತ್ರ ಫಿಲ್ಟರ್ ಹಾಕಿ ತೆಗೆದು, ನೀವು ಆ ಅವಧಿಯಲ್ಲಿ ಅವರಿಗೆ ಕೊಟ್ಟ ಹಣ ಮತ್ತು ಕಡಿತಗಳೊಂದಿಗೆ ನಿಮ್ಮ ಕಿರ್ದಿಯಲ್ಲಿ ಒಂದೊಂದಾಗಿ ಹೋಲಿಸಿ.

ಇನ್ನು ಪೈಸೆಯ ವಿಷಯ. ಬಹಳ ಜನ ಇಲ್ಲಿ `Decrease Decimal` ಬಟನ್ ಒತ್ತಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಬಟನ್ ಬದಲಿಸುವುದು ತೋರಿಕೆಯನ್ನು ಮಾತ್ರ, ಒಳಗಿನ ಬೆಲೆ ಹಾಗೇ ಇರುತ್ತದೆ. ಕ್ವಿಂಟಲ್‌ಗೆ 7,235 ದರದಲ್ಲಿ 13.347 ಕ್ವಿಂಟಲ್ ತೊಗರಿ ಎಂದುಕೊಳ್ಳಿ: 96,565.545 ರೂಪಾಯಿ. ತೆರೆಯ ಮೇಲೆ 96,565.55 ಕಾಣುತ್ತದೆ. ಅಂಥವೇ ಎರಡು ಸಾಲಿದ್ದರೆ ಕಂಡದ್ದನ್ನು ಕೈಯಿಂದ ಕೂಡಿಸಿದವರಿಗೆ 1,93,131.10, ಹಾಳೆಗೆ 1,93,131.09. ಒಂದು ಪೈಸೆಗಾಗಿ ಇಬ್ಬರು ಗುಮಾಸ್ತರು ಅರ್ಧ ದಿನ ಹುಡುಕುವುದು ಹೀಗೆ. `ROUND` ಒಳಗಿನ ಬೆಲೆಯನ್ನೇ ಎರಡು ಸ್ಥಾನಕ್ಕೆ ತರುತ್ತದೆ, ಕಂಡದ್ದು ಮತ್ತು ಇದ್ದದ್ದು ಒಂದೇ ಆಗುತ್ತದೆ. ಮೂರನೆಯ ತಾಳೆ ಸೂತ್ರದಲ್ಲಿ ಮತ್ತೊಮ್ಮೆ `ROUND` ಏಕೆ ಎಂದರೆ, ಕಂಪ್ಯೂಟರು .75, .50 ಬಿಟ್ಟರೆ ಹೆಚ್ಚಿನ ಪೈಸೆಗಳನ್ನು ಎರಡರ ಪದ್ಧತಿಯಲ್ಲಿ ಪೂರ್ಣವಾಗಿ ಬರೆಯಲಾರದು. ನೂರಾರು ಸಾಲು ಕೂಡಿಸಿದಾಗ ಪೈಸೆಯ ಕೋಟಿಯಲ್ಲೊಂದು ಭಾಗದಂಥ ಚೂರು ಉಳಿದು, ಸೊನ್ನೆ ಬರಬೇಕಾದಲ್ಲಿ ಸೊನ್ನೆಯಲ್ಲ ಎನ್ನಬಹುದು.

`ROUND` ಬದಲು `INT` ಬಳಸುವವರನ್ನೂ ಎಚ್ಚರಿಸಬೇಕು, ಏಕೆಂದರೆ ಮೈನಸ್ ಬಂದಾಗಲೇ ಅದು ಕೈಕೊಡುತ್ತದೆ. `INT` ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. 2340.75 ಆದರೆ 2340, -2340.75 ಆದರೆ -2341. ಒಂದೇ ಮೊತ್ತದ ಖರೀದಿ ಮತ್ತು ವಾಪಸಾತಿ ಒಂದನ್ನೊಂದು ಹೊಡೆದುಹಾಕದೆ ಒಂದು ರೂಪಾಯಿ ಉಳಿಸುತ್ತವೆ. `ROUND` ಎರಡೂ ಕಡೆ ಸಮನಾಗಿ ನಡೆದುಕೊಳ್ಳುತ್ತದೆ: 96565.545 ಪ್ಲಸ್ ಆದರೆ .55, ಮೈನಸ್ ಆದರೂ .55.

ಸಾಫ್ಟ್‌ವೇರ್‌ಗೆ ಕೊಡುವ ಫೈಲಿನಲ್ಲಿ 96250.50 ಎಂದು ಸೊನ್ನೆ ಸಹಿತ ಬರಬೇಕಾದರೆ, E ಕಾಲಂಗೆ `Format Cells` ನಲ್ಲಿ `Custom` ಆರಿಸಿ `0.00` ಎಂದು ಕೊಡಿ. ಆಮೇಲೆ ಸಿಎಸ್‌ವಿಯಾಗಿ ಉಳಿಸಿ. ಎಕ್ಸೆಲ್ ಸಿಎಸ್‌ವಿಗೆ ಬರೆಯುವುದು ತೆರೆಯ ಮೇಲೆ ಕಾಣುವ ರೂಪವನ್ನು. ಆದ್ದರಿಂದ ಅಕೌಂಟಿಂಗ್ ಫಾರ್ಮ್ಯಾಟ್ ಬಿಟ್ಟಿದ್ದರೆ ಇಷ್ಟು ಕಷ್ಟಪಟ್ಟು ತೆಗೆದ ಬ್ರಾಕೆಟ್ ಮತ್ತು ಅಲ್ಪವಿರಾಮ ಫೈಲಿನಲ್ಲಿ ಮತ್ತೆ ಬಂದು ಕೂರುತ್ತವೆ. ಸೊನ್ನೆ ದಶಮಾಂಶದ ಫಾರ್ಮ್ಯಾಟ್ ಇದ್ದರೆ ಪೈಸೆಯೇ ಫೈಲಿಗೆ ಹೋಗುವುದಿಲ್ಲ. ಉಳಿಸಿದ ಫೈಲನ್ನು ಪರೀಕ್ಷಿಸಲು ಮತ್ತೆ ಎಕ್ಸೆಲ್‌ನಲ್ಲಿ ತೆರೆಯಬೇಡಿ, ಅದು 96250.50 ಅನ್ನು 96250.5 ಎಂದೇ ತೋರಿಸಿ ನಿಮ್ಮನ್ನು ಗಾಬರಿಗೊಳಿಸುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಇದ್ದದ್ದು ಇದ್ದಂತೆ ಕಾಣುತ್ತದೆ.

ಕೊನೆಯದಾಗಿ ನೀವು ಕೇಳದ ಒಂದು ಮಾತು, ಆದರೆ ಫೈಲು ಕಳಿಸುವ ಮೊದಲು ತೀರ್ಮಾನ ಆಗಲೇಬೇಕು. ಬ್ರಾಕೆಟ್ ಎಂದರೆ ಮೈನಸ್, ಸರಿ. ಆದರೆ ಯಾರ ಕಡೆಯಿಂದ ಮೈನಸ್? ಉತಾರ ಅಡತಿಯವರ ಪುಸ್ತಕದ್ದು. ಅಲ್ಲಿ ನೀವು ಕೊಂಡ ಮಾಲು ಪ್ಲಸ್, ನೀವು ಕೊಟ್ಟ ಹಣ ಮೈನಸ್. ಅದೇ ಖಾತೆ ನಿಮ್ಮ ಪುಸ್ತಕದಲ್ಲಿ ತಿರುವುಮುರುವು. ನಿಮ್ಮ ಸಾಫ್ಟ್‌ವೇರ್ ನಾವೆಯನ್ನು ಪ್ಲಸ್ ಎಂದು ಎಣಿಸುವುದಾದರೆ ಇಡೀ ಕಾಲಂ ಅನ್ನು -1ರಿಂದ ಗುಣಿಸಬೇಕು. ಅದನ್ನು ಮೂರೂ ತಾಳೆ ಮುಗಿದ ಮೇಲೆ, F ಎಂಬ ಬೇರೆ ಕಾಲಂನಲ್ಲಿ ಮಾಡಿ. ಮೊದಲೇ ತಿರುಗಿಸಿದರೆ ಕಾಗದದ ಬಾಕಿಯೊಂದಿಗೆ ಹೋಲಿಸುವ ದಾರಿ ಕಡಿದುಹೋಗುತ್ತದೆ.

ಹಾಗೆಯೇ 5ನೇ ಸಾಲಿನ ವಿವರದಲ್ಲಿ "ಕಳೆ: ತೂಕದ ಕಡಿತ" ಎಂದಿದ್ದರೆ ಗಮನಿಸಿ. "ಕಳೆ" ಮತ್ತು ಬ್ರಾಕೆಟ್ ಎರಡೂ ಒಂದೇ ಕಳೆಯುವಿಕೆಯನ್ನು ಹೇಳುತ್ತಿವೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ "ಕಡಿತ" ಎಂಬ ಪ್ರತ್ಯೇಕ ಕಾಲಂ ಇದ್ದು ಅದು ತಾನೇ ಕಳೆಯುವಂಥದ್ದಾದರೆ, ಅಲ್ಲಿಗೆ -2340.75 ಕೊಟ್ಟರೆ ಅದು ಕೂಡಿಬಿಡುತ್ತದೆ, ಬಾಕಿ 4,681.50 ಹೆಚ್ಚು ಬರುತ್ತದೆ. ಆ ಕಾಲಂಗೆ ಕೊಡಬೇಕಾದದ್ದು ಗುರುತಿಲ್ಲದ 2340.75. ಒಂದೇ ಒಂದು ಸಾಲನ್ನು ಮೊದಲು ಹಾಕಿ ಬಾಕಿ ಯಾವ ಕಡೆಗೆ ಸರಿಯುತ್ತದೆ ನೋಡಿ, ಆಮೇಲೆ ಆರುನೂರನ್ನೂ ಕಳಿಸಿ.